ಸ್ಕ್ಯಾನ್ ಮಾಡಿದ ಬಂಡೆ ಆಟದೊಳಗೆ ಬರುವ ಬಗೆ: ರೀಟೋಪಾಲಜಿ ಮತ್ತು ಟೆಕ್ಸ್ಚರ್ ಬೇಕಿಂಗ್

ಒಂದು ವಸ್ತುವಿನ ಸುತ್ತ ನಡೆದು ತೆಗೆದ ನೂರಾರು ಫೋಟೋಗಳನ್ನು ಒಂದರೊಡನೊಂದು ತಾಳೆ ಹಾಕಿ, ಆ ವಸ್ತುವಿನ ಮೂರು ಆಯಾಮದ ಆಕಾರವನ್ನು ಲೆಕ್ಕದಿಂದ ಪಡೆಯುವ ವಿಧಾನಕ್ಕೆ ಫೋಟೋಗ್ರಾಮೆಟ್ರಿ ಎಂದು ಹೆಸರು. ಜರ್ಮನಿಯ ವಾಸ್ತುಶಿಲ್ಪಿ ಆಲ್ಬ್ರೆಕ್ಟ್ ಮೈಡೆನ್‌ಬಾವರ್ 1867ರಲ್ಲಿ ಈ ಹೆಸರನ್ನು ಬಳಕೆಗೆ ತಂದದ್ದು ಕಟ್ಟಡಗಳ ಅಳತೆ ತೆಗೆಯುವ ಕೆಲಸಕ್ಕಾಗಿ. ವಿಡಿಯೋ ಗೇಮುಗಳಲ್ಲಿ ಈ ವಿಧಾನ ಎಲ್ಲರ ಕಣ್ಣಿಗೆ ಬಿದ್ದದ್ದು ಪೋಲೆಂಡಿನ ‘ದಿ ಆಸ್ಟ್ರೋನಾಟ್ಸ್’ ತಂಡ 2014ರಲ್ಲಿ ಹೊರತಂದ ‘ದಿ ವ್ಯಾನಿಶಿಂಗ್ ಆಫ್ ಈಥನ್ ಕಾರ್ಟರ್’ ಮತ್ತು ಸ್ವೀಡನ್ನಿನ ಡೈಸ್ ಸ್ಟುಡಿಯೋ 2015ರಲ್ಲಿ ಹೊರತಂದ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್’ ಆಟಗಳ ಬಂಡೆ, ಗೋಡೆ, ಮರದ ಬೊಡ್ಡೆಗಳಿಂದ. ಆದರೆ ಆ ಆಟಗಳಲ್ಲಿ ಕಾಣುವುದು ಸ್ಕ್ಯಾನ್ ಅಲ್ಲ, ಸ್ಕ್ಯಾನಿನಿಂದ ಮಾಡಿದ ಇನ್ನೊಂದು ವಸ್ತು. ಇವೆರಡರ ನಡುವಿನ ಕೆಲಸವನ್ನು ಸಾಮಾನ್ಯವಾಗಿ ‘ತ್ರಿಕೋನಗಳನ್ನು ಕಡಿಮೆ ಮಾಡುವುದು’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಅದು ಅರ್ಧ ನಿಜ. ಸ್ಕ್ಯಾನಿನಲ್ಲಿ ಆಕಾರ, ಮೇಲ್ಮೈಯ ಸೂಕ್ಷ್ಮ ಏರಿಳಿತ, ಕಲ್ಲಿನ ಸ್ವಂತ ಬಣ್ಣ, ಫೋಟೋ ತೆಗೆದ ದಿನದ ಬೆಳಕು ಈ ನಾಲ್ಕೂ ಒಂದರೊಳಗೊಂದು ಕಲಸಿಕೊಂಡಿರುತ್ತವೆ. ಇವನ್ನು ಬಿಡಿಸಿ, ಯಾವುದು ಜಾಲರಿಯಲ್ಲಿ ಉಳಿಯಬೇಕು, ಯಾವುದು ಚಿತ್ರಕ್ಕೆ ಹೋಗಬೇಕು, ಯಾವುದನ್ನು ಎಸೆಯಬೇಕು ಎಂದು ತೀರ್ಮಾನಿಸುವುದೇ ನಿಜವಾದ ಕೆಲಸ. ತ್ರಿಕೋನಗಳು ಕಡಿಮೆಯಾಗುವುದು ಆ ತೀರ್ಮಾನದ ಒಂದು ಪರಿಣಾಮ ಮಾತ್ರ.

ಈ ಮಾತನ್ನು ಒಂದು ಸಾದಾ ಉದಾಹರಣೆಯ ಮೇಲೆ ಪರೀಕ್ಷಿಸಬಹುದು. ಒಂದೂವರೆ ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಗ್ರಾನೈಟ್ ಬಂಡೆಯೊಂದನ್ನು ತೆಗೆದುಕೊಳ್ಳೋಣ. ನೆಲಕ್ಕೆ ತಾಗಿದ ಭಾಗ ಬಿಟ್ಟರೆ ಅದರ ಹೊರಮೈ ಸುಮಾರು ಐದು ಚದರ ಮೀಟರ್. ಮೋಡ ಕವಿದ ದಿನ, ನೆರಳು ಗಟ್ಟಿಯಾಗಿ ಬೀಳದ ಹೊತ್ತಿನಲ್ಲಿ, ಒಂದೂವರೆ ಮೀಟರ್ ದೂರದಿಂದ ಮೂರು ಬೇರೆ ಬೇರೆ ಎತ್ತರಗಳಲ್ಲಿ ಬಂಡೆಯ ಸುತ್ತ ಬಂದು, ಪ್ರತಿ ಚಿತ್ರವೂ ಹಿಂದಿನ ಚಿತ್ರದ ಮುಕ್ಕಾಲು ಪಾಲನ್ನು ಮತ್ತೆ ಒಳಗೊಳ್ಳುವಂತೆ ನೂರೈವತ್ತು, ಇನ್ನೂರು ಫೋಟೋ ತೆಗೆದರೆ ಸಾಕು. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಕ್ಯಾಮೆರಾಕ್ಕೆ 35 ಮಿಲಿಮೀಟರ್ ಲೆನ್ಸ್ ಹಾಕಿದ್ದರೆ, ಆ ದೂರದಲ್ಲಿ ಒಂದು ಫೋಟೋದ ಅಗಲಕ್ಕೆ ಬಂಡೆಯ ಒಂದು ಮೀಟರ್ ಸಿಗುತ್ತದೆ. ಚಿತ್ರದ ಅಗಲ ಆರು ಸಾವಿರ ಪಿಕ್ಸೆಲ್ ಆದ್ದರಿಂದ, ಕಲ್ಲಿನ ಮೇಲೆ ಒಂದು ಪಿಕ್ಸೆಲ್ ಎಂದರೆ ಮಿಲಿಮೀಟರಿನ ಆರನೇ ಒಂದು ಭಾಗ. ಮೆಟಾಶೇಪ್, ರಿಯಾಲಿಟಿಕ್ಯಾಪ್ಚರ್, ಮೆಶ್‌ರೂಮ್‌ನಂಥ ತಂತ್ರಾಂಶಗಳು ಮೊದಲು ಫೋಟೋಗಳಲ್ಲಿ ಮತ್ತೆ ಮತ್ತೆ ಕಾಣಿಸುವ ಚುಕ್ಕೆಗಳನ್ನು ಗುರುತಿಸಿ ಕ್ಯಾಮೆರಾ ಎಲ್ಲೆಲ್ಲಿ ನಿಂತಿತ್ತು ಎಂದು ಲೆಕ್ಕ ಹಾಕುತ್ತವೆ. ಆಮೇಲೆ ಆಳವನ್ನು ಅಳೆದು ತ್ರಿಕೋನಗಳ ಜಾಲರಿ ಹೆಣೆಯುತ್ತವೆ. ಈ ಜಾಲರಿಗೇ ಮೆಶ್ ಎನ್ನುವುದು. ನಮ್ಮ ಬಂಡೆಗೆ ಎರಡು ಕೋಟಿ ತ್ರಿಕೋನಗಳು ಬಂದವು ಎಂದಿಟ್ಟುಕೊಳ್ಳೋಣ. ಇಂಥ ಸ್ಕ್ಯಾನಿಗೆ ಅದು ವಿಶೇಷವೇನಲ್ಲ. ಫೋಟೋಗಳಷ್ಟರಿಂದಲೇ ನಿಜವಾದ ಗಾತ್ರ ತಿಳಿಯುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಬಂಡೆಯ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆದಿರದಿದ್ದರೆ ತಂತ್ರಾಂಶಕ್ಕೆ ಅದು ಬಂಡೆಯೋ ಗೋಲಿಯೋ ಎಂಬ ವ್ಯತ್ಯಾಸವೇ ಗೊತ್ತಾಗದು.

ಎರಡು ಕೋಟಿ ತ್ರಿಕೋನಗಳನ್ನು ಐದು ಚದರ ಮೀಟರ್ ಮೇಲೆ ಹರಡಿದರೆ ಒಂದೊಂದರ ಅಂಚು ಮುಕ್ಕಾಲು ಮಿಲಿಮೀಟರಿನಷ್ಟಾಗುತ್ತದೆ. ಇದನ್ನು ಹಾಗೆಯೇ ಆಟಕ್ಕೆ ಹಾಕಿದರೆ ಶೃಂಗಗಳಿಗೂ ತ್ರಿಕೋನಗಳ ಪಟ್ಟಿಗೂ ಸೇರಿ ಗ್ರಾಫಿಕ್ಸ್ ಕಾರ್ಡಿನಲ್ಲಿ ಅರ್ಧ ಗಿಗಾಬೈಟಿಗೂ ಹೆಚ್ಚು ಜಾಗ ಬೇಕು, ಅದೂ ಒಂದೇ ಒಂದು ಬಂಡೆಗೆ. ಈಗ ಆಟಗಾರನ ಕಣ್ಣಿನ ಕಡೆಯಿಂದ ಲೆಕ್ಕ ಹಾಕಿ. 1920 ಪಿಕ್ಸೆಲ್ ಅಗಲದ ಪರದೆ, ಅಡ್ಡಕ್ಕೆ 90 ಡಿಗ್ರಿಯ ನೋಟ ಇದ್ದರೆ, ಎರಡು ಮೀಟರ್ ದೂರದಲ್ಲಿ ಪರದೆಯ ಒಂದು ಪಿಕ್ಸೆಲ್ ಬಂಡೆಯ ಎರಡು ಮಿಲಿಮೀಟರನ್ನು ಮುಚ್ಚುತ್ತದೆ. ಅಂದರೆ ಒಂದೇ ಪಿಕ್ಸೆಲ್ಲಿನೊಳಗೆ ಹಲವು ತ್ರಿಕೋನಗಳು ತುಂಬಿಕೊಂಡಿರುತ್ತವೆ. ಗ್ರಾಫಿಕ್ಸ್ ಕಾರ್ಡು ಪಿಕ್ಸೆಲ್ಲುಗಳಿಗೆ ಬಣ್ಣ ಹಚ್ಚುವುದು ನಾಲ್ಕು ನಾಲ್ಕರ ಚೌಕಗಳಲ್ಲಿ. ತ್ರಿಕೋನ ಪಿಕ್ಸೆಲ್ಲಿಗಿಂತ ಸಣ್ಣದಾದಾಗ ಆ ನಾಲ್ಕರಲ್ಲಿ ಮೂರರ ಕೆಲಸ ವ್ಯರ್ಥವಾಗುತ್ತದೆ. ಇಷ್ಟೆಲ್ಲ ಖರ್ಚು ಮಾಡಿದ ಮೇಲೂ ಆಟಗಾರನಿಗೆ ಹೆಚ್ಚಿಗೆ ಏನೂ ಕಾಣಿಸಿರುವುದಿಲ್ಲ.

ಹಾಗಾದರೆ ಆ ಸೂಕ್ಷ್ಮತೆಯನ್ನು ಎಲ್ಲಿ ಇಡುವುದು? ಇಲ್ಲೊಂದು ಹೊಂದಾಣಿಕೆ ನಮ್ಮ ನೆರವಿಗೆ ಬರುತ್ತದೆ, ಮತ್ತು ಇಡೀ ವಿಧಾನ ನಿಂತಿರುವುದೇ ಅದರ ಮೇಲೆ. ಒಂದು ಬದಿಗೆ 4096 ಪಿಕ್ಸೆಲ್ ಇರುವ ಚೌಕ ಟೆಕ್ಸ್ಚರಿನ ಶೇಕಡ ಎಪ್ಪತ್ತರಷ್ಟು ಜಾಗ ಬಂಡೆಯ ಐದು ಚದರ ಮೀಟರನ್ನು ಮುಚ್ಚಿದರೆ, ಪ್ರತಿ ಮೀಟರಿಗೆ ಸುಮಾರು 1,500 ಪಿಕ್ಸೆಲ್ ಸಿಗುತ್ತವೆ. ಟೆಕ್ಸ್ಚರಿನ ಒಂದು ಪಿಕ್ಸೆಲ್ ಕಲ್ಲಿನ ಮೇಲೆ ಮಿಲಿಮೀಟರಿನ ಮೂರನೇ ಎರಡು ಭಾಗದಷ್ಟು. ಸ್ಕ್ಯಾನಿನ ತ್ರಿಕೋನದ ಅಂಚೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಒಂದು ಸಣ್ಣ ತ್ರಿಕೋನ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬ ಮಾಹಿತಿಯನ್ನು ಟೆಕ್ಸ್ಚರಿನ ಒಂದು ಪಿಕ್ಸೆಲ್ಲಿನಲ್ಲಿ ಬರೆದಿಟ್ಟರೆ, ಬೆಳಕು ಬಿದ್ದಾಗ ಆ ತ್ರಿಕೋನ ಇದ್ದಂತೆಯೇ ಛಾಯೆ ಮೂಡುತ್ತದೆ. ಹೀಗೆ ದಿಕ್ಕುಗಳನ್ನು ಬಣ್ಣಗಳಾಗಿ ಬರೆದಿಡುವ ಚಿತ್ರವೇ ನಾರ್ಮಲ್ ಮ್ಯಾಪ್. ಇದರ ಬೇರು ಜೇಮ್ಸ್ ಬ್ಲಿನ್ 1978ರಲ್ಲಿ ತೋರಿಸಿದ ಬಂಪ್ ಮ್ಯಾಪಿಂಗ್‌ನಲ್ಲಿದೆ. ದಟ್ಟ ಜಾಲರಿಯ ವಿವರವನ್ನು ಹಗುರ ಜಾಲರಿಯ ಟೆಕ್ಸ್ಚರಿಗೆ ವರ್ಗಾಯಿಸುವ ಸಂಶೋಧನೆಗಳು 1990ರ ದಶಕದ ಕೊನೆಯ ವರ್ಷಗಳಲ್ಲಿ ಬಂದವು. ಈ ವರ್ಗಾವಣೆಯಲ್ಲಿ ಮುಖ್ಯವಾಗಿ ಕಳೆದುಹೋಗುವುದು ವಸ್ತುವಿನ ಹೊರರೇಖೆ. ನಾರ್ಮಲ್ ಮ್ಯಾಪ್ ಬೆಳಕನ್ನು ನಂಬಿಸಬಲ್ಲದು. ಆಕಾಶದ ಎದುರು ಕಾಣುವ ಬಂಡೆಯ ಅಂಚನ್ನು ಒಂದು ಕೂದಲೆಳೆಯಷ್ಟೂ ಸರಿಸಲಾರದು. ಆದ್ದರಿಂದ ಜಾಲರಿಯ ಪಾಲಿಗೆ ಉಳಿಯುವ ಕೆಲಸ ಹೊರರೇಖೆಯನ್ನೂ ದೊಡ್ಡ ಮಡಿಕೆಗಳನ್ನೂ ಹಿಡಿದಿಡುವುದು.

ಆ ಕೆಲಸಕ್ಕೆ ಎಷ್ಟು ತ್ರಿಕೋನ ಬೇಕು? ಐದು ಸಾವಿರ ಎಂದುಕೊಂಡರೆ ಒಂದೊಂದರ ಅಂಚು ಐದು ಸೆಂಟಿಮೀಟರಿನಷ್ಟು. ಕೇಳಲು ಒರಟು ಎನಿಸುತ್ತದೆ. ಆದರೆ ಅರವತ್ತು ಸೆಂಟಿಮೀಟರ್ ತ್ರಿಜ್ಯದ ಬಾಗಿನ ಮೇಲೆ ಐದು ಸೆಂಟಿಮೀಟರಿನ ನೇರ ಗೆರೆ ಎಳೆದರೆ, ಅದು ನಿಜವಾದ ಬಾಗಿನಿಂದ ಅತಿ ಹೆಚ್ಚೆಂದರೆ ಅರ್ಧ ಮಿಲಿಮೀಟರ್ ಒಳಗೆ ಬರುತ್ತದೆ. ಎರಡು ಮೀಟರ್ ದೂರದಿಂದ ನೋಡುವಾಗ ಅದು ಪಿಕ್ಸೆಲ್ಲಿನ ಕಾಲು ಭಾಗ, ಯಾರ ಕಣ್ಣಿಗೂ ಬೀಳದು. ಬಂಡೆಯ ಬೆನ್ನಿನಂಥ ದುಂಡು ಭಾಗಗಳಲ್ಲಿ ಇನ್ನೂ ದೊಡ್ಡ ತ್ರಿಕೋನಗಳಿದ್ದರೂ ನಡೆಯುತ್ತದೆ ಎಂಬುದೇ ಇದರ ಅರ್ಥ. ಹಾಗೆ ಉಳಿಸಿದ ತ್ರಿಕೋನಗಳನ್ನು ಸಿಡಿದ ಮೂಲೆ, ಬಿರುಕಿನ ಬಾಯಿ, ಚಾಚಿದ ಅಂಚುಗಳಲ್ಲಿ ಖರ್ಚು ಮಾಡಬೇಕು. ರೀಟೋಪಾಲಜಿ, ಅಂದರೆ ಸ್ಕ್ಯಾನಿನ ಮೈಮೇಲೆ ಹೊಸ ಜಾಲರಿಯನ್ನು ಹೊಸದಾಗಿ ಹೊದಿಸುವುದು, ಮೂಲತಃ ಈ ಹಂಚಿಕೆಯ ತೀರ್ಮಾನ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಹಂಚಿಕೆಯನ್ನು ಯಂತ್ರವೇ ಮಾಡಬಹುದಲ್ಲ? ಗಾರ್ಲೆಂಡ್ ಮತ್ತು ಹೆಕ್‌ಬರ್ಟ್ 1997ರಲ್ಲಿ ಕೊಟ್ಟ ವಿಧಾನ, ಒಂದು ಅಂಚನ್ನು ಕುಗ್ಗಿಸಿದರೆ ಆಕಾರಕ್ಕೆ ಎಷ್ಟು ಪೆಟ್ಟು ಬೀಳುತ್ತದೆ ಎಂದು ಅಳೆದು, ಕಡಿಮೆ ಪೆಟ್ಟಿನ ಅಂಚುಗಳನ್ನು ಮೊದಲು ಕುಗ್ಗಿಸುತ್ತ ಹೋಗುತ್ತದೆ. ಇಂದಿನ ಡೆಸಿಮೇಷನ್ ಸಾಧನಗಳಲ್ಲಿ ಬಹುಪಾಲು ಇದರ ಸಂತತಿಯೇ. ಅಲುಗಾಡದ ಬಂಡೆಯ ಮಟ್ಟಿಗೆ ಈ ಆಕ್ಷೇಪವನ್ನು ಒಪ್ಪಿಕೊಳ್ಳಲೇಬೇಕು. ಚೌಕ ಚೌಕವಾಗಿ ಅಚ್ಚುಕಟ್ಟಾಗಿ ಹರಿಯುವ ಜಾಲರಿ ಕಲ್ಲಿಗೆ ಬೇಕಿಲ್ಲ. ಅದಕ್ಕಾಗಿ ದಿನಗಟ್ಟಲೆ ಕೈಯಿಂದ ಹೆಣೆಯುವುದು ಕುಶಲತೆಯ ಪ್ರದರ್ಶನವಾದೀತೇ ಹೊರತು ಬಂಡೆ ಉತ್ತಮವಾಗದು. ಬಾಗಿ ಮಡಚುವ ವಸ್ತುವಿನ ವಿಷಯ ಬೇರೆ. ಮನುಷ್ಯನ ಮುಖ, ಮೊಣಕೈ, ಬಟ್ಟೆ ಇವುಗಳಲ್ಲಿ ಅಂಚುಗಳ ಸಾಲು ಸ್ನಾಯು ಮತ್ತು ಮಡಿಕೆಗಳ ಸುತ್ತ ಹರಿಯದಿದ್ದರೆ ಚಲನೆಯಲ್ಲಿ ಮೇಲ್ಮೈ ಕುಸಿಯುತ್ತದೆ. ಅಲ್ಲಿ ಬ್ಲೆಂಡರ್ ಅಥವಾ ಟೋಪೋಗನ್‌ನಂಥ ಸಾಧನದಲ್ಲಿ ಕೈಯಿಂದ ಹೆಣೆಯುವುದು, ಇಲ್ಲವೇ ಇನ್‌ಸ್ಟಂಟ್ ಮೆಶಸ್, ಜೀಬ್ರಷ್‌ನ ಜೀರೀಮೆಶರ್ ಕೊಟ್ಟ ಚೌಕಜಾಲರಿಯನ್ನು ಕೈಯಿಂದ ತಿದ್ದುವುದು ಅನಿವಾರ್ಯ. ಆದರೆ ಬಂಡೆಯಲ್ಲೂ ಡೆಸಿಮೇಷನ್‌ಗೆ ಒಂದು ಕುರುಡುತನ ಇದೆ. ಅದು ಆಕಾರವನ್ನು ಅಳೆಯುತ್ತದೆ, ಆಕಾರ ನಿಜವೋ ಗದ್ದಲವೋ ಎಂದು ಕೇಳುವುದಿಲ್ಲ. ಗಾಳಿಯಲ್ಲಿ ತೇಲುವ ಚೂರುಗಳು, ಬಂಡೆಗೆ ಅಂಟಿಕೊಂಡಂತೆ ಬಂದ ಹುಲ್ಲಿನ ಮುದ್ದೆ, ಫೋಟೋ ಸಿಗದ ಅಡಿಭಾಗದಲ್ಲಿ ತಂತ್ರಾಂಶ ತಾನೇ ಊಹಿಸಿ ಮುಚ್ಚಿದ ಗುಳ್ಳೆಯಂಥ ಮೈ, ಇವೆಲ್ಲವನ್ನೂ ಅದು ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ. ಅದಕ್ಕೇ ಯಾವ ಯಂತ್ರಕ್ಕೆ ಕೊಡುವ ಮೊದಲೂ ಸ್ಕ್ಯಾನನ್ನು ಸ್ವಚ್ಛ ಮಾಡಬೇಕು: ತೇಲುವ ಚೂರುಗಳನ್ನು ಅಳಿಸಿ, ನೆಲದ ಮಟ್ಟದಲ್ಲಿ ಕತ್ತರಿಸಿ, ರಂಧ್ರಗಳನ್ನು ಮುಚ್ಚಿ, ನಿಜ ಅಳತೆಗೆ ತಂದು ನೆಟ್ಟಗೆ ನಿಲ್ಲಿಸಬೇಕು.

ಗದ್ದಲವನ್ನು ಗುರುತಿಸುವ ಒಂದು ಸುಲಭ ಪರೀಕ್ಷೆ ಇದೆ, ಅದನ್ನು ಮಾಡದೆ ಮುಂದೆ ಹೋಗುವವರೇ ಹೆಚ್ಚು. ಟೆಕ್ಸ್ಚರನ್ನು ತೆಗೆದುಹಾಕಿ, ಬರಿಯ ಬೂದು ಜಾಲರಿಯ ಮೇಲೆ ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ನೋಡಬೇಕು. ಫೋಟೋದ ಬಣ್ಣ ಇದ್ದಾಗ ಅತ್ಯಂತ ಚೂಪಾಗಿ ಕಂಡ ಕಲ್ಲು, ಬೂದು ಬಣ್ಣದಲ್ಲಿ ಕರಗಿದ ಮೇಣದಂತೆ ಉಬ್ಬುತಗ್ಗಾಗಿ ಕಾಣುವುದುಂಟು. ಫೋಟೋಗ್ರಾಮೆಟ್ರಿ ಆಳವನ್ನು ತಿಳಿಯುವುದು ಬೇರೆ ಬೇರೆ ಕೋನಗಳ ಫೋಟೋಗಳ ನಡುವಿನ ಸಣ್ಣ ಸ್ಥಾನಪಲ್ಲಟದಿಂದ. ಹಾಗಾಗಿ ಆಳದ ತಪ್ಪು ಅಡ್ಡಗಲದ ತಪ್ಪಿಗಿಂತ ಸಾಮಾನ್ಯವಾಗಿ ಹೆಚ್ಚು. ಒದ್ದೆಯಾಗಿ ಹೊಳೆಯುವ ಕಡೆ, ಗುರುತೇ ಇಲ್ಲದೆ ನುಣುಪಾದ ಕಡೆ ಅದು ಇನ್ನೂ ಹೆಚ್ಚುತ್ತದೆ, ಏಕೆಂದರೆ ಅಲ್ಲಿ ತಾಳೆ ಹಾಕಲು ಸ್ಥಿರವಾದ ಚುಕ್ಕೆಗಳೇ ಇಲ್ಲ. ಎರಡು ಕೋಟಿ ತ್ರಿಕೋನಗಳ ಕೊನೆಯ ಸೂಕ್ಷ್ಮತೆ ಕೆಲವೊಮ್ಮೆ ಕಲ್ಲಿನದಲ್ಲ, ಲೆಕ್ಕದ ನಡುಕ. ಅದನ್ನು ಹಾಗೆಯೇ ನಾರ್ಮಲ್ ಮ್ಯಾಪಿಗೆ ವರ್ಗಾಯಿಸಿದರೆ ಆಟದಲ್ಲಿ ಬಂಡೆಯ ಮೈ ತರಿತರಿಯಾಗಿ ಹೊಳೆಯುತ್ತದೆ.

ಹಗುರ ಜಾಲರಿ ಸಿದ್ಧವಾದ ಮೇಲೆ ಅದರ ಮೈಯನ್ನು ಬಿಡಿಸಿ ಚಪ್ಪಟೆ ಚಿತ್ರದ ಮೇಲೆ ಹರಡಬೇಕು. ಯುವಿ ಎನ್ನುವ ಈ ಹಂತದಲ್ಲಿ ಎಲ್ಲಿ ಸೀಳಬೇಕು ಎಂಬುದೊಂದೇ ಮುಖ್ಯ ಪ್ರಶ್ನೆ. ತಂತ್ರಾಂಶ ತಾನಾಗಿ ಕೊಡುವ ಯುವಿ ಬಂಡೆಯನ್ನು ನೂರಾರು ಸಣ್ಣ ತುಂಡುಗಳಾಗಿ ಸೀಳಿರುತ್ತದೆ. ಪ್ರತಿ ಸೀಳಿನಲ್ಲೂ ಶೃಂಗಗಳು ಎರಡಾಗುತ್ತವೆ, ಪ್ರತಿ ತುಂಡಿನ ಸುತ್ತಲೂ ಖಾಲಿ ಜಾಗ ಹೋಗುತ್ತದೆ. ಬಂಡೆಯ ಅಡಿ, ಬೆನ್ನು, ಒಂದೆರಡು ಬಿರುಕುಗಳ ಉದ್ದಕ್ಕೆ ಸೀಳಿದ ಐದಾರು ದೊಡ್ಡ ತುಂಡುಗಳು ಎಷ್ಟೋ ಮೇಲು. ತುಂಡುಗಳ ನಡುವೆ ಬಣ್ಣವನ್ನು ಹೊರಕ್ಕೆ ಚಾಚಿದ ಅಂಚು ಬೇಕು. 2048ರ ಚಿತ್ರದಲ್ಲಿ ಅದು 16 ಪಿಕ್ಸೆಲ್ ಇದ್ದರೆ, ದೂರದಿಂದ ನೋಡುವಾಗ ಚಿತ್ರ ನಾಲ್ಕು ಬಾರಿ ಅರ್ಧಕ್ಕರ್ಧ ಕುಗ್ಗಿದ ಮೇಲೂ ಒಂದು ಪಿಕ್ಸೆಲ್ ಅಂಚು ಉಳಿಯುತ್ತದೆ. ಅದಿಲ್ಲದಿದ್ದರೆ ದೂರ ಹೋದಂತೆ ಸೀಳುಗಳ ಉದ್ದಕ್ಕೂ ಕಪ್ಪು ದಾರ ಕಾಣಿಸಿಕೊಳ್ಳುತ್ತದೆ. ಅಂದಹಾಗೆ, ಮೇಲಿನ ಲೆಕ್ಕದ ಪ್ರಕಾರ 2048ರ ಟೆಕ್ಸ್ಚರಿನಲ್ಲಿ ಮೀಟರಿಗೆ ಸುಮಾರು 760 ಪಿಕ್ಸೆಲ್ ಸಿಗುತ್ತವೆ. ಎರಡು ಮೀಟರ್ ದೂರದಲ್ಲಿ ಪರದೆ ಕೇಳುವುದು 480 ಮಾತ್ರ. ಆಟಗಾರ ಬಂಡೆಗೆ ಮೂಗು ತಾಗಿಸುವಂತಿಲ್ಲದಿದ್ದರೆ 4096 ಅನಗತ್ಯ. ದೊಡ್ಡ ಗಾತ್ರದಲ್ಲಿ ಬೇಕ್ ಮಾಡಿ, ಆಮೇಲೆ ಅರ್ಧಕ್ಕೆ ಇಳಿಸಿ ಆಟಕ್ಕೆ ಕೊಡುವುದು ವಾಡಿಕೆ.

ಬೇಕಿಂಗ್ ಎಂದರೆ ದಟ್ಟ ಜಾಲರಿಯ ಮಾಹಿತಿಯನ್ನು ಹಗುರ ಜಾಲರಿಯ ಚಿತ್ರಕ್ಕೆ ಇಳಿಸುವುದು. ಎರಡೂ ಒಂದೇ ಜಾಗದಲ್ಲಿ ಒಂದರೊಳಗೊಂದು ನಿಂತಿರುತ್ತವೆ. ಹಗುರ ಜಾಲರಿಯನ್ನು ತುಸು ಉಬ್ಬಿಸಿ ಹೊರಗೊಂದು ಪಂಜರ ಮಾಡಿಕೊಳ್ಳುತ್ತಾರೆ. ಟೆಕ್ಸ್ಚರಿನ ಪ್ರತಿ ಪಿಕ್ಸೆಲ್ಲಿಗೂ ಆ ಪಂಜರದಿಂದ ಒಳಮುಖವಾಗಿ ಒಂದು ಕಿರಣ ಹೊರಟು, ದಟ್ಟ ಜಾಲರಿಗೆ ಮೊದಲು ತಾಗಿದ ಜಾಗದ ದಿಕ್ಕು, ಬಣ್ಣ, ಮರೆಯ ಪ್ರಮಾಣವನ್ನು ಓದಿ ಬರೆಯುತ್ತದೆ. ಇಷ್ಟು ಸರಳವಾದ ಕೆಲಸದಲ್ಲಿ ಆಗುವ ತಪ್ಪುಗಳೂ ಕಣ್ಣಿಗೆ ಓದಲು ಬರುವಂಥವೇ. ಪಂಜರ ತೀರಾ ಬಿಗಿಯಾಗಿದ್ದರೆ ಅದನ್ನು ಭೇದಿಸಿ ಹೊರಬಂದ ಮೂಲೆಗಳನ್ನು ಕಿರಣ ಕಾಣುವುದೇ ಇಲ್ಲ. ಅಲ್ಲಿ ನಾರ್ಮಲ್ ಮ್ಯಾಪಿನಲ್ಲಿ ಕತ್ತರಿಸಿದಂಥ ಚಪ್ಪಟೆ ಮಚ್ಚೆಗಳು ಬೀಳುತ್ತವೆ. ತೀರಾ ಸಡಿಲವಾಗಿದ್ದರೆ, ಬಿರುಕಿನ ಒಂದು ಗೋಡೆಗೆಂದು ಹೊರಟ ಕಿರಣ ಎದುರಿನ ಗೋಡೆಗೆ ತಾಗಿ, ಒಂದು ಕಡೆಯ ಕಲ್ಲಿನ ಚಿತ್ರ ಇನ್ನೊಂದು ಕಡೆ ಅಚ್ಚಾಗುತ್ತದೆ. ನಮ್ಮ ಬಂಡೆಗೆ ಎರಡು ಮೂರು ಸೆಂಟಿಮೀಟರಿನ ಪಂಜರ ಸಾಕು, ಆಳವಾದ ಬಿರುಕಿನಲ್ಲಿ ಮಾತ್ರ ಕೈಯಿಂದ ಇನ್ನೂ ಹತ್ತಿರಕ್ಕೆ ತರಬೇಕು. ತಗ್ಗು ಉಬ್ಬಾಗಿ, ಉಬ್ಬು ತಗ್ಗಾಗಿ ಕಂಡರೆ ತಪ್ಪು ಬೇಕಿಂಗ್‌ನದಲ್ಲ, ಹಸಿರು ಚಾನೆಲ್ಲಿನದು: ಬ್ಲೆಂಡರ್ ಮತ್ತು ಯುನಿಟಿ ಒಂದು ದಿಕ್ಕನ್ನು ಮೇಲು ಎಂದುಕೊಂಡರೆ ಅನ್‌ರಿಯಲ್ ಅದರ ಎದುರು ದಿಕ್ಕನ್ನು ಮೇಲು ಎನ್ನುತ್ತದೆ, ಆ ಚಾನೆಲ್ಲನ್ನು ತಿರುವಿದರೆ ಸರಿಹೋಗುತ್ತದೆ.

ಇವುಗಳಿಗಿಂತ ಹೆಚ್ಚು ಗೊಂದಲ ಮಾಡುವುದು ಮಬ್ಬಾದ ಛಾಯೆಯ ದೋಷ. ಸಪಾಟಾಗಿ ಇರಬೇಕಾದ ಕಡೆ ನಿಧಾನವಾಗಿ ಕಪ್ಪಿನಿಂದ ಬಿಳಿಗೆ ಜಾರುವ ಪಟ್ಟೆಗಳು, ಅಥವಾ ಚೌಕಗಳ ನಡುವೆ ಅಡ್ಡಗೆರೆಗಳು ಕಾಣಿಸುತ್ತವೆ. ನಾರ್ಮಲ್ ಮ್ಯಾಪ್ ದಿಕ್ಕುಗಳನ್ನು ಬರೆಯುವುದು ಹಗುರ ಜಾಲರಿಯ ಮೈಗೆ ಸಾಪೇಕ್ಷವಾಗಿ. ಆ ಮೈಯ ದಿಕ್ಕನ್ನು ಬೇಕ್ ಮಾಡಿದ ತಂತ್ರಾಂಶ ಒಂದು ರೀತಿ ಲೆಕ್ಕ ಹಾಕಿ, ಆಟದ ಎಂಜಿನ್ ಇನ್ನೊಂದು ರೀತಿ ಲೆಕ್ಕ ಹಾಕಿದರೆ ಕೂಡಿಸಿದ್ದಕ್ಕೂ ಕಳೆದದ್ದಕ್ಕೂ ತಾಳೆಯಾಗದು. ಮಾರ್ಟೆನ್ ಮಿಕೆಲ್ಸನ್ ರೂಪಿಸಿದ ಮಿಕ್‌ಟಿಸ್ಪೇಸ್ ಎಂಬ ಸಾಮಾನ್ಯ ಲೆಕ್ಕವನ್ನು ಬ್ಲೆಂಡರ್, ಅನ್‌ರಿಯಲ್, ಯುನಿಟಿ ಮೊದಲಾದವು ಒಪ್ಪಿಕೊಂಡದ್ದು ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಿತು. ಆದರೂ ಬೇಕ್ ಮಾಡುವ ಮೊದಲೇ ಚೌಕಗಳನ್ನು ತ್ರಿಕೋನಗಳಾಗಿ ಸೀಳಿ, ಅದೇ ಜಾಲರಿಯನ್ನು ಎಂಜಿನ್‌ಗೂ ಕೊಡಬೇಕು. ಇಲ್ಲದಿದ್ದರೆ ಒಂದು ಕಡೆ ಚೌಕ ಈ ಮೂಲೆಯಿಂದ ಸೀಳಿ, ಇನ್ನೊಂದು ಕಡೆ ಆ ಮೂಲೆಯಿಂದ ಸೀಳಿ, ಅಡ್ಡಗೆರೆಗಳು ಮೂಡುತ್ತವೆ. ನಾರ್ಮಲ್ ಮ್ಯಾಪನ್ನು ಎಂಜಿನ್ ಬಣ್ಣದ ಚಿತ್ರ ಎಂದು ತಿಳಿದು ಗಾಮಾ ತಿದ್ದುಪಡಿ ಮಾಡಿದರೂ ಇಡೀ ಮೈಯ ದಿಕ್ಕು ಕೆಡುತ್ತದೆ. ಅದು ಬಣ್ಣವಲ್ಲ, ಅಂಕಿಗಳು ಎಂದು ಎಂಜಿನ್‌ಗೆ ತಿಳಿಸಬೇಕು.

ಬಣ್ಣವನ್ನು ಎಲ್ಲಿಂದ ಇಳಿಸಬೇಕು ಎಂಬಲ್ಲೂ ಒಂದು ಆಯ್ಕೆ ಇದೆ. ಹಗುರ ಜಾಲರಿಯನ್ನು ಮತ್ತೆ ಫೋಟೋಗ್ರಾಮೆಟ್ರಿ ತಂತ್ರಾಂಶಕ್ಕೆ ಕೊಟ್ಟು ಫೋಟೋಗಳನ್ನು ನೇರವಾಗಿ ಅದರ ಮೇಲೆ ಹಚ್ಚಿಸುವುದು ಸುಲಭದ ದಾರಿ. ಆದರೆ ಹಗುರ ಜಾಲರಿ ನಿಜವಾದ ಮೈಯಿಂದ ಕೆಲವು ಮಿಲಿಮೀಟರ್ ಸರಿದ ಕಡೆ, ಬೇರೆ ಬೇರೆ ಕೋನದ ಫೋಟೋಗಳು ಒಂದೇ ಚುಕ್ಕೆಯನ್ನು ಬೇರೆ ಬೇರೆ ಜಾಗದಲ್ಲಿ ಹಚ್ಚುತ್ತವೆ, ಬಣ್ಣ ಮಸುಕಾಗುತ್ತದೆ. ದಟ್ಟ ಜಾಲರಿಗೆ ಮೊದಲು ಬಣ್ಣ ಹಚ್ಚಿಸಿ, ಅಲ್ಲಿಂದ ಕಿರಣದ ದಾರಿಯಲ್ಲೇ ಇಳಿಸಿದರೆ ಬಣ್ಣವೂ ನಾರ್ಮಲ್ ಮ್ಯಾಪೂ ಪಿಕ್ಸೆಲ್ಲಿಗೆ ಪಿಕ್ಸೆಲ್ ಹೊಂದುತ್ತವೆ.

ಇನ್ನು ಎಸೆಯಬೇಕಾದದ್ದು ಬೆಳಕು. ನನ್ನ ಅಭಿಪ್ರಾಯದಲ್ಲಿ ಸ್ಕ್ಯಾನಿನ ಅಸೆಟ್ ಗೆಲ್ಲುವುದೂ ಸೋಲುವುದೂ ಇಲ್ಲೇ. ಜಾಲರಿಯ ತಪ್ಪನ್ನು ಹತ್ತಿರ ಹೋದವರು ಮಾತ್ರ ಕಾಣುತ್ತಾರೆ. ಬೆಳಕಿನ ತಪ್ಪು ಇಡೀ ದೃಶ್ಯದಿಂದ ಬಂಡೆಯನ್ನು ಹೊರಗಿಡುತ್ತದೆ. ಫೋಟೋದಲ್ಲಿ ಇರುವುದು ಕಲ್ಲಿನ ಬಣ್ಣವಲ್ಲ. ಕಲ್ಲಿನ ಬಣ್ಣವನ್ನು ಅದರ ಮೇಲೆ ಬಿದ್ದ ಬೆಳಕಿನಿಂದ ಗುಣಿಸಿದ ಫಲ. ಮೋಡದ ದಿನ ಫೋಟೋ ತೆಗೆದರೆ ನೆರಳೇ ಇರುವುದಿಲ್ಲ, ಆದ್ದರಿಂದ ತೊಂದರೆಯಿಲ್ಲ ಎನ್ನುವವರಿದ್ದಾರೆ. ಮೋಡ ಗಟ್ಟಿ ನೆರಳನ್ನಷ್ಟೇ ತೆಗೆಯುತ್ತದೆ. ಬಿರುಕಿನ ಒಳಗೆ ಆಕಾಶದ ಸ್ವಲ್ಪ ಭಾಗ ಮಾತ್ರ ಕಾಣುವುದರಿಂದ ಅಲ್ಲಿ ಬೆಳಕು ಕಡಿಮೆಯೇ. ಕಲ್ಲಿನ ನಿಜವಾದ ಪ್ರತಿಫಲನ 0.30 ಎಂದುಕೊಳ್ಳೋಣ, ಅಂದರೆ ಬಿದ್ದ ಬೆಳಕಿನಲ್ಲಿ ಶೇಕಡ ಮೂವತ್ತನ್ನು ಅದು ಹಿಂದಿರುಗಿಸುತ್ತದೆ. ಬಿರುಕಿಗೆ ಬಯಲಿನ ಶೇಕಡ ನಲವತ್ತರಷ್ಟು ಬೆಳಕು ಬಿದ್ದರೆ ಫೋಟೋದಲ್ಲಿ ಅದು 0.12 ಆಗುತ್ತದೆ. ಆಟದ ಎಂಜಿನ್ ತನ್ನ ಲೆಕ್ಕದಲ್ಲಿ ಆ ಬಿರುಕನ್ನು ಮತ್ತೊಮ್ಮೆ ಶೇಕಡ ನಲವತ್ತಕ್ಕೆ ಇಳಿಸುತ್ತದೆ, ಉಳಿಯುವುದು 0.05ಕ್ಕೂ ಕಡಿಮೆ. ಅದು ಇದ್ದಿಲಿನ ಬಣ್ಣ. ಆಟದಲ್ಲಿ ಬಂಡೆಯ ಬಿರುಕುಗಳು ಮಸಿ ಬಳಿದಂತೆ ಕಾಣುವುದು ಈ ಇಮ್ಮಡಿ ನೆರಳಿನಿಂದ. ರಾತ್ರಿಯ ದೃಶ್ಯದಲ್ಲಿ ಕೆಳಗಿನಿಂದ ದೀವಟಿಗೆ ಹಿಡಿದಾಗಲೂ ಬಿರುಕು ಬೆಳಗದೆ ಕಪ್ಪಾಗಿಯೇ ಉಳಿದರೆ ಸಂದೇಹವೇ ಬೇಡ.

ಪರಿಹಾರ ತತ್ವದಲ್ಲಿ ಸರಳ: ಗುಣಿಸಿದ್ದನ್ನು ಭಾಗಿಸುವುದು. ದಟ್ಟ ಜಾಲರಿ ನಮ್ಮ ಕೈಯಲ್ಲಿದೆ, ಆದ್ದರಿಂದ ಆಕಾಶದಿಂದ ಅದರ ಯಾವ ಜಾಗಕ್ಕೆ ಎಷ್ಟು ಬೆಳಕು ಬೀಳುತ್ತಿತ್ತು ಎಂದು ಲೆಕ್ಕ ಹಾಕಿ, ಆ ಚಿತ್ರದಿಂದ ಫೋಟೋದ ಬಣ್ಣವನ್ನು ಭಾಗಿಸಬಹುದು. ಮೋಡದ ದಿನಕ್ಕೆ ಆಂಬಿಯೆಂಟ್ ಅಕ್ಲೂಷನ್ ಮ್ಯಾಪ್ ಇದರ ಸ್ಥೂಲ ರೂಪ. ಮೇಲಿನ ಆಕಾಶ, ಕೆಳಗಿನ ಹುಲ್ಲಿನಿಂದ ಚಿಮ್ಮಿದ ಹಸಿರು ಇವನ್ನೂ ಲೆಕ್ಕಕ್ಕೆ ಸೇರಿಸಿದರೆ ಇನ್ನೂ ನಿಖರ. ಯುನಿಟಿ ಸಂಸ್ಥೆ 2017ರಲ್ಲಿ ಹೊರತಂದ ಡಿಲೈಟಿಂಗ್ ಸಾಧನವೂ ಬೇಕ್ ಮಾಡಿದ ಮ್ಯಾಪುಗಳನ್ನೇ ಆಧಾರವಾಗಿ ಬಳಸುತ್ತದೆ. ಒಂದು ಎಚ್ಚರಿಕೆ ಮಾತ್ರ ಕಡ್ಡಾಯ. ಚಿತ್ರದ ಕಡತದಲ್ಲಿ ಬಣ್ಣಗಳು ಕಣ್ಣಿಗೆ ಹೊಂದುವಂತೆ ಬಾಗಿಸಿದ ಅಂಕಿಗಳಾಗಿರುತ್ತವೆ, ಬೆಳಕಿನ ನೇರ ಪ್ರಮಾಣವಾಗಿ ಅಲ್ಲ. 0.30ರ ಕಲ್ಲು ಅಲ್ಲಿ 149 ಆಗಿರುತ್ತದೆ, 0.12ರ ಬಿರುಕು 97. ಈ 97ನ್ನೇ 0.4ರಿಂದ ಭಾಗಿಸಿದರೆ 243 ಬರುತ್ತದೆ; ಬಿರುಕು ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಮೊದಲು ನೇರ ಪ್ರಮಾಣಕ್ಕೆ ತಿರುಗಿಸಿ, ಭಾಗಿಸಿ, ಮತ್ತೆ ಬಾಗಿಸಿದರೆ ಸರಿಯಾಗಿ 149 ಸಿಗುತ್ತದೆ. ಸರಿಯಾದ ಲೆಕ್ಕದಲ್ಲೂ ಮಿತಿಯಿದೆ. ಬಿರುಕಿನಲ್ಲಿ ನಿಜವಾಗಿಯೇ ಕಪ್ಪು ಮಣ್ಣು, ಪಾಚಿ ಇರಬಹುದು. ಪೂರ್ತಿ ಭಾಗಿಸಿದರೆ ಅದೂ ಮಾಸಿಹೋಗುತ್ತದೆ. ಪರೀಕ್ಷೆ ಹೀಗೆ: ಬೆಳಕೇ ಇಲ್ಲದ ನೋಟದಲ್ಲಿ ಬಣ್ಣದ ಚಿತ್ರವನ್ನು ಅಕ್ಲೂಷನ್ ಚಿತ್ರದ ಪಕ್ಕ ಇಟ್ಟು ನೋಡಿ. ಕಪ್ಪು ಭಾಗಗಳು ಅಕ್ಲೂಷನ್ ಚಿತ್ರದ ಪ್ರತಿಯೊಂದು ತಗ್ಗನ್ನೂ ಚಾಚೂ ತಪ್ಪದೆ ಹಿಂಬಾಲಿಸಿದರೆ ಬೆಳಕು ಇನ್ನೂ ಉಳಿದಿದೆ. ಅದೇ ತಗ್ಗುಗಳಲ್ಲಿ ಬೆಳ್ಳನೆಯ ಪ್ರಭಾವಳಿ ಕಂಡರೆ ಅತಿಯಾಗಿ ಭಾಗಿಸಲಾಗಿದೆ.

ಹೊಳಪಿನ ವಿಷಯದಲ್ಲಿ ಸ್ಕ್ಯಾನ್ ಏನನ್ನೂ ಹೇಳುವುದಿಲ್ಲ. ಮೇಲ್ಮೈ ಎಷ್ಟು ಒರಟು, ಎಷ್ಟು ನುಣುಪು ಎಂಬ ರಫ್‌ನೆಸ್ ಮ್ಯಾಪನ್ನು ಬಣ್ಣದ ಚಿತ್ರವನ್ನು ಕಪ್ಪುಬಿಳುಪು ಮಾಡಿ ತಯಾರಿಸುವ ಅಭ್ಯಾಸವಿದೆ. ಕಪ್ಪಾದದ್ದೆಲ್ಲ ನುಣುಪು ಎನ್ನಲು ಯಾವ ಆಧಾರವೂ ಇಲ್ಲವಾದ್ದರಿಂದ, ಒಣ ಗ್ರಾನೈಟಿಗೆ ಒರಟು ಎಂಬ ಒಂದೇ ಬೆಲೆ ಕೊಟ್ಟು, ಪಾಚಿ ಮತ್ತು ನೀರು ಹರಿದ ಕಲೆಗಳನ್ನು ಕೈಯಿಂದ ಚಿತ್ರಿಸುವುದು ಹೆಚ್ಚು ಪ್ರಾಮಾಣಿಕ.

ಈಚಿನ ವರ್ಷಗಳ ದೊಡ್ಡ ಆಕ್ಷೇಪ ನ್ಯಾನೈಟ್‌ನದು. 2022ರಲ್ಲಿ ಬಿಡುಗಡೆಯಾದ ಅನ್‌ರಿಯಲ್ ಎಂಜಿನ್ 5ರ ಈ ವ್ಯವಸ್ಥೆ ಜಾಲರಿಯನ್ನು 128 ತ್ರಿಕೋನಗಳವರೆಗಿನ ಗುಂಪುಗಳಾಗಿ ಒಡೆದು, ಪರದೆಗೆ ಬೇಕಾದಷ್ಟನ್ನು ಮಾತ್ರ ಆಯಾ ಕ್ಷಣಕ್ಕೆ ಆರಿಸಿ ಚಿತ್ರಿಸುತ್ತದೆ. 2020ರ ಪ್ರದರ್ಶನದಲ್ಲಿ ಎಪಿಕ್ ಸಂಸ್ಥೆ ಮೂರು ಕೋಟಿ ಮೂವತ್ತು ಲಕ್ಷಕ್ಕೂ ಹೆಚ್ಚು ತ್ರಿಕೋನಗಳ ಪ್ರತಿಮೆಯನ್ನು ನಾರ್ಮಲ್ ಮ್ಯಾಪ್ ಬೇಕ್ ಮಾಡದೆ ನೇರವಾಗಿ ತೋರಿಸಿತು. ಹಾಗಾದರೆ ಈ ಶ್ರಮವೆಲ್ಲ ಹಳೆಯ ಕಾಲದ್ದಾಯಿತೇ? ತ್ರಿಕೋನಗಳ ಎಣಿಕೆಯೇ ಕೆಲಸದ ತಿರುಳಾಗಿದ್ದರೆ ಹೌದು ಎನ್ನಬೇಕಿತ್ತು. ನ್ಯಾನೈಟ್ ಬಂದ ಮೇಲೂ ಫೋಟೋದೊಳಗಿನ ಬೆಳಕು ತಾನಾಗಿ ಹೋಗುವುದಿಲ್ಲ. ಲೆಕ್ಕದ ನಡುಕ ಕಲ್ಲಾಗುವುದಿಲ್ಲ. ಬಣ್ಣ ಹಚ್ಚಲು ಯುವಿ ಬೇಕೇ ಬೇಕು, ಎರಡು ಕೋಟಿ ತ್ರಿಕೋನಗಳ ಜಾಲರಿಗೆ ಒಳ್ಳೆಯ ಯುವಿ ಮಾಡುವುದು ಐದು ಸಾವಿರದ್ದಕ್ಕಿಂತ ಕಷ್ಟ. ಜಾಲರಿಯ ಕಡತ ಡಿಸ್ಕಿನಲ್ಲೂ ಡೌನ್‌ಲೋಡಿನಲ್ಲೂ ಜಾಗ ಹಿಡಿಯುತ್ತದೆ. ಮೊಬೈಲ್ ಫೋನಿಗೆ ಹೋಗುವ ಆಟಗಳು ಇಂದಿಗೂ ಹಗುರ ಜಾಲರಿ ಮತ್ತು ನಾರ್ಮಲ್ ಮ್ಯಾಪಿನ ಮೇಲೆಯೇ ನಿಂತಿವೆ. ಆಟಗಾರ ಬಂಡೆಗೆ ಡಿಕ್ಕಿ ಹೊಡೆದರೆ ನಿಲ್ಲಿಸುವ ಕಾಣದ ಜಾಲರಿಗೆ ಕೆಲವು ಡಜನ್ ತ್ರಿಕೋನಗಳಷ್ಟೇ ಸಾಕು, ಅದನ್ನು ಬೇರೆಯಾಗಿಯೇ ಮಾಡಬೇಕು. ಬದಲಾದದ್ದು ಗೆರೆ ಎಲ್ಲಿ ಎಳೆಯಬೇಕು ಎಂಬುದು: ಐದು ಸಾವಿರದ ಬದಲು ಐದು ಲಕ್ಷ ತ್ರಿಕೋನಗಳನ್ನು ಇಟ್ಟುಕೊಂಡು, ಅದಕ್ಕಿಂತ ಸಣ್ಣ ಕಣಗಳಂಥ ಒರಟುತನವನ್ನು ಮಾತ್ರ ಚಿತ್ರಕ್ಕೆ ಬಿಡಬಹುದು.

ಇನ್ನೊಂದು ಆಕ್ಷೇಪ ಎದುರು ದಿಕ್ಕಿನಿಂದ ಬರುತ್ತದೆ: ಇಷ್ಟು ತಿದ್ದಿದ ಮೇಲೆ ಅದು ಆ ಬಂಡೆಯೇ ಹೇಗಾದೀತು? ಸ್ಮಾರಕಗಳ ಸ್ಕ್ಯಾನಿನ ವಿಷಯದಲ್ಲಿ ಈ ಪ್ರಶ್ನೆಗೆ ತೂಕವಿದೆ. 2019ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚ್ ಹೊತ್ತಿ ಉರಿದಾಗ, 2014ರ ‘ಅಸಾಸಿನ್ಸ್ ಕ್ರೀಡ್ ಯೂನಿಟಿ’ ಆಟದೊಳಗಿನ ಚರ್ಚಿನಿಂದ ಅದನ್ನು ಮತ್ತೆ ಕಟ್ಟಬಹುದು ಎಂಬ ಮಾತು ಹಬ್ಬಿತ್ತು. ಆಟದ ಚರ್ಚು ಕಲಾವಿದರು ಕೈಯಿಂದ ಮಾಡಿದ್ದು. ಆಟಕ್ಕೆ ಬೇಕಾದಂತೆ ಬದಲಿಸಿದ್ದು. ಅಳತೆಯಾಗಿ ಉಳಿದದ್ದು ಇತಿಹಾಸಕಾರ ಆಂಡ್ರ್ಯೂ ಟ್ಯಾಲನ್ ಮಾಡಿಟ್ಟಿದ್ದ ಲೇಸರ್ ಸ್ಕ್ಯಾನ್. ಸ್ಕ್ಯಾನಿನಿಂದ ಮಾಡಿದ ಅಸೆಟ್‌ಗೂ ಇದೇ ಮಾತು ಸಲ್ಲುತ್ತದೆ. ಅಡಿಭಾಗ ಊಹೆಯದು, ಬಣ್ಣ ಭಾಗಿಸಿ ತೆಗೆದದ್ದು, ಹೊಳಪು ಕೈಯಿಂದ ಚಿತ್ರಿಸಿದ್ದು. ಸ್ಮಾರಕದ ಕೆಲಸ ಮಾಡುವವರು ಮೂಲ ಫೋಟೋಗಳನ್ನೂ ಅಳತೆಪಟ್ಟಿಯ ದಾಖಲೆಯನ್ನೂ ತಿದ್ದದ ಜಾಲರಿಯನ್ನೂ ಪ್ರತ್ಯೇಕವಾಗಿ ಕಾದಿಡಬೇಕಾಗುತ್ತದೆ. ಆಟಕ್ಕೆ ಹೋಗುವ ಐದು ಸಾವಿರ ತ್ರಿಕೋನಗಳ ಕಡತದಿಂದ ಮೂಲಕ್ಕೆ ಹಿಂದಿರುಗುವ ದಾರಿ ಇಲ್ಲ.